ನೆಟ್ಟಗಾದ ಭುಜ

ದೇವರಾಜ ಮೊಹಲ್ಲಾದ ನನ್ನ ಸ್ಟುಡಿಯೊಗೆ ಆ ಮುದುಕರು ಬಂದಾಗ ಕೈಯಲ್ಲಿ ಒಂದು ಫೋಟೊ, ಕಂಕುಳಲ್ಲಿ ಒಂದು ರೇಷ್ಮೆ ಸೀರೆ. ಫೋಟೊದಲ್ಲಿ ಅವರ ಹೆಂಡತಿ ನೈಟಿ ತೊಟ್ಟು, ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತೀರಿಕೊಂಡು ಎಂಟು ದಿನವಾಗಿತ್ತಂತೆ. ಸೀರೆ, ನೇಕಾರರಾದ ಈ ಮುದುಕರೇ ನಿವೃತ್ತಿಗೆ ಮುಂಚೆ ನೇಯ್ದದ್ದು. ಒಳ್ಳೆಯ ದಿನಕ್ಕೆ ಉಡುತ್ತೇನೆಂದು ಆಕೆ ಎತ್ತಿಟ್ಟವರು ಉಡಲೇ ಇಲ್ಲ. ತಿಥಿಗೆ ಇಡುವ ಪಟದಲ್ಲಾದರೂ ಅದನ್ನು ಉಡಿಸಿಕೊಡಿ ಎಂದರು.

ನನಗೆ ಆ ಕೆಲಸ ಹೊಸದೇನಲ್ಲ. ಸೀರೆಯ ಫೋಟೊ ತೆಗೆದು, ಆಕೆಯ ಫೋಟೊ ಜೊತೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಎಐಗೆ ಕೊಟ್ಟೆ. ಮುಖ ಬಿಟ್ಟು ಕುತ್ತಿಗೆಯಿಂದ ಕೆಳಗಿನದನ್ನೆಲ್ಲ ಫೋಟೊದ ಮೈಕಟ್ಟನ್ನು ನೋಡಿಕೊಂಡು ಹೊಸದಾಗಿ ಬರೆ ಎಂದು ಗುರುತು ಹಾಕಿದೆ. ಇದರಲ್ಲಿ ಗೈಡೆನ್ಸ್ ಸ್ಕೇಲ್ ಎಂಬ ಒಂದು ಅಂಕಿ ಇದೆ. ಏರಿಸಿದಷ್ಟೂ ಯಂತ್ರ ನಾವು ತೋರಿಸಿದ ಬಟ್ಟೆಗೇ ಜೋತುಬೀಳುತ್ತದೆ. ಇಳಿಸಿದರೆ ಬಟ್ಟೆಯ ಹಂಗು ಸಡಿಲವಾಗಿ, ಚಿತ್ರ ಸಹಜವಾಗುತ್ತದೆ. ಎರಡೂವರೆಗೆ ಇಟ್ಟಾಗ ಸೀರೆ ಮೈಮೇಲೆ ಮೆತ್ತಗೆ ಇಳಿದಿತ್ತು, ಆಕೆ ಈಗ ತಾನೇ ಉಟ್ಟು ಕೂತ ಹಾಗೆ. ಅಂಚಿನಲ್ಲಿ ನೇಯ್ದ ಮಾವಿನಕಾಯಿ ಚಿತ್ತಾರ ಮಾತ್ರ ಬಳ್ಳಿಯೋ ಎಲೆಯೋ ಆಗಿಹೋಗಿತ್ತು. ಒಂಬತ್ತಕ್ಕೆ ಏರಿಸಿದೆ. ಒಂದೊಂದು ಮಾವಿನಕಾಯಿಯೂ ನಿಂತ ಜಾಗದಲ್ಲೇ ನಿಂತಿತು. ಆದರೆ ಬಣ್ಣ ಕಣ್ಣಿಗೆ ರಾಚಿತು, ನೆರಿಗೆ ರಟ್ಟಿನಂತೆ ಸೆಟೆಯಿತು, ಕುತ್ತಿಗೆಯ ಚರ್ಮ ಮೇಣದಂತೆ ಹೊಳೆಯಿತು. ನಡುವೆ ಐದರಲ್ಲಿ ನೋಡಿದೆ, ಅದೂ ಇಲ್ಲ, ಇದೂ ಇಲ್ಲ.

ನೇಕಾರರ ಕಣ್ಣಿಗೆ ಅಂಚು ತಪ್ಪಿದರೆ ನನ್ನ ಮಾನ ಹೋಗುತ್ತದೆ ಎಂದುಕೊಂಡೆ. ಒಂಬತ್ತರದ್ದನ್ನೇ ಪ್ರಿಂಟ್ ಹಾಕಿ, ಕೇಳದೆ ಫ್ರೇಮನ್ನೂ ಕಟ್ಟಿಸಿಬಿಟ್ಟೆ. ನನಗೆ ಮೊದಲಿನಿಂದಲೂ ಈ ಆತುರದ ಜಂಬ ಇದೆ.

ತಿಥಿಯ ಹಿಂದಿನ ದಿನ ಅವರು ಬಂದರು. ಜೇಬಿನಿಂದ ಎಳೆ ಎಣಿಸುವ ಪುಟ್ಟ ಭೂತಗನ್ನಡಿ ತೆಗೆದು ಅಂಚಿನ ಮೇಲೆ ಇಟ್ಟು ನಿಧಾನಕ್ಕೆ ನೋಡಿದರು. ನಾನು ಹೊಗಳಿಕೆಗೆ ಕಾದು ನಿಂತಿದ್ದೆ.

"ಅಂಚು ಸರಿಯಾಗೈತೆ ಕಣಪ್ಪ," ಎಂದರು. "ಇವ್ಳ ಭುಜ ಯಾಕೆ ನೆಟ್ಟಗೆ ಮಾಡ್ಬುಟ್ರಿ?"

ವಠಾರದ ನಲ್ಲಿಯಿಂದ ವರ್ಷಗಟ್ಟಲೆ ಕೊಡ ಹೊತ್ತು ಆಕೆಯ ಎಡಭುಜ ಇಳಿದುಹೋಗಿತ್ತಂತೆ. ಆಕೆ ದೂರದಿಂದ ಬರುವಾಗ ಇವರು ಅದನ್ನು ನೋಡಿಯೇ ಗುರುತು ಹಿಡಿಯುತ್ತಿದ್ದರಂತೆ. ಎರಡೂವರೆಯ ಚಿತ್ರದಲ್ಲಿ ಆ ಇಳಿಜಾರು ಹಾಗೇ ಉಳಿದಿತ್ತು, ಒಂಬತ್ತರಲ್ಲಿ ಯಂತ್ರ ಸೀರೆಯ ಗೆರೆಗೇ ಜೋತುಬಿದ್ದು ಅದನ್ನು ಅಳಿಸಿಹಾಕಿತ್ತು. ನಾನು ಗಮನಿಸಿರಲಿಲ್ಲ. ನನ್ನ ಕಣ್ಣೆಲ್ಲ ಮಾವಿನಕಾಯಿಯ ಮೇಲಿತ್ತು.

"ಬೇರೆ ಥರ ಯಾವ್ದೂ ಬರ್ಲಿಲ್ವಾ?"

ಇದೆ ಎನ್ನಬೇಕಿತ್ತು. ಅರ್ಧ ಗಂಟೆಯಲ್ಲಿ ಅದರ ಪ್ರಿಂಟ್ ತೆಗೆದು ಫ್ರೇಮಿನಲ್ಲಿ ಬದಲಾಯಿಸಬಹುದಿತ್ತು. ಆದರೆ ಅಷ್ಟು ಚೆನ್ನಾದದ್ದನ್ನು ಬದಿಗಿಟ್ಟೆ ಎಂದು ಹೇಳಲು ನಾಚಿಕೆಯಾಯಿತು. "ಇಲ್ಲ ಯಜಮಾನ್ರೇ, ಇದೇ ಬಂದದ್ದು," ಎಂದೆ. ಅವರು ಪಟವನ್ನು ಸೀರೆಯಲ್ಲೇ ಸುತ್ತಿಕೊಂಡು ಹೋದರು.

ತಿಥಿಗೆ ಕರೆದಿದ್ದರೆಂದು ಮರುದಿನ ಅವರ ಮನೆಗೆ ಹೋದೆ. ಪಟಕ್ಕೆ ದಪ್ಪ ಹಾರ ಹಾಕಿದ್ದರು. ನಡುವೆ ನೇರವಾಗಿ ಅಲ್ಲ, ಆಕೆಯ ಎಡಕ್ಕೆ ಜಗ್ಗಿ, ಆ ಭುಜ ಮುಚ್ಚುವ ಹಾಗೆ. ಯಾರೋ ಬಂಧುಗಳು ಸರಿಪಡಿಸಲು ಕೈ ಹಾಕಿದರೆ ಮುದುಕರು ಬೇಡವೆಂದು ತಡೆದರು. ನಾನು ಅಷ್ಟು ಹಟ ಹಿಡಿದು ತಂದ ಅಂಚೂ ಆ ಹೂವಿನಡಿ ಮುಚ್ಚಿಹೋಗಿತ್ತು.