ಯಾರೂ ನೋಡದ ಅಂಗಾಲು

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕುಗಳ ಸುದ್ದಿ ಪತ್ರಿಕೆಯಲ್ಲಿ ನನ್ನ ಪಾಲಿಗಿತ್ತು. ಬೆಳಿಗ್ಗೆ ಯಾವುದಾದರೂ ಸರ್ಕಾರಿ ಆಸ್ಪತ್ರೆಗೆ ಹೋಗಿ ಅಪಘಾತಗಳ ವಿವರ ಬರೆದುಕೊಳ್ಳುವುದು ರೂಢಿ. ಅಂಥದೊಂದು ದಿನ ವೈದ್ಯರ ಕೋಣೆಯಲ್ಲಿ ಕುಳಿತಿದ್ದಾಗ ಇಬ್ಬರು ಪೊಲೀಸರು ಒಬ್ಬನನ್ನು ಕರೆತಂದರು. ತ್ಯಾಗಲಿ ಕಡೆಯ ಕೂಲಿಯಾಳು, ಕಾಳುಮೆಣಸಿನ ಚೀಲ ಕದ್ದ ಆರೋಪ. ಬಂಧಿಸಿದವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುವ ಮೊದಲು ವೈದ್ಯರಿಗೆ ತೋರಿಸಲು ತಂದಿದ್ದರು. ಮೈಮೇಲೆ ಗಾಯವಿದ್ದರೆ ವೈದ್ಯರು ಅದನ್ನೂ, ಅದು ಸುಮಾರು ಯಾವಾಗ ಆದದ್ದೆಂಬುದನ್ನೂ ಬರೆಯಬೇಕು.

"ಚಪ್ಪಲ್ ಬಾಗ್ಲಲ್ಲೇ ಬಿಡಾ," ಎಂದ ಒಬ್ಬ ಪೊಲೀಸ್.

ಅವನು ಬಿಟ್ಟ. ಪಾದದ ಹೊರಅಂಚು ಮಾತ್ರ ಊರುತ್ತ ಒಳಗೆ ಬಂದ.

"ಎಂತದಾ, ಯಕ್ಷಗಾನದ ಹೆಜ್ಜೆಯನಾ? ನೆಟ್ಟಗೆ ನಡಿಯಾ ಮಾರಾಯ," ಎಂದ ಅದೇ ಪೊಲೀಸ್.

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೊರಗೆ ರೋಗಿಗಳ ಸಾಲು ಬೆಳೆದಿತ್ತು. "ಎಲ್ಲಾದ್ರೂ ಪೆಟ್ಟಾಗಿದ್ಯನೋ?" ಎಂದರು ವೈದ್ಯರು. ಅವನು ಪೊಲೀಸರ ಮುಖ ನೋಡಿ "ಇಲ್ರಾ" ಎಂದ. ವೈದ್ಯರು ಅಂಗಿ ಎತ್ತಿಸಿ ಎದೆ, ಬೆನ್ನು, ಕೈ ನೋಡಿದರು. ಅವನು ತಿರುಗಿ ಹೊರಟಾಗ, ತಗ್ಗಾದ ಬೆಂಚಿನ ಮೇಲಿದ್ದ ನನಗೆ ಎತ್ತಿದ ಹಿಮ್ಮಡಿ ಕಂಡಿತು. ಅಂಗಾಲು ಬಾತು ಕಪ್ಪುನೀಲಿಯಾಗಿತ್ತು.

ವರದಿಗಾರ ತಾನೇ ಸುದ್ದಿಯೊಳಗೆ ಕೈಹಾಕಬಾರದೆಂದು ನಾನು ಕಲಿತಿದ್ದೆ. ಸುಮ್ಮನೆ ಕುಳಿತೆ. ಗಾಯವಿಲ್ಲವೆಂದು ವೈದ್ಯರು ಬರೆದ ವರದಿಯ ಒಂದು ಪ್ರತಿಯನ್ನು ಬಂಧಿತನಿಗೇ ಕೊಡಬೇಕು. ಪೊಲೀಸ್ ಎರಡೂ ಪ್ರತಿಗಳನ್ನು ಮಡಚಿ ಫೈಲಿಗೆ ಸೇರಿಸಿದ. ಅದನ್ನೂ ನೋಡಿದೆ.

ಅವನನ್ನು ಜೈಲಿಗೆ ಕಳಿಸಿದರು. ಮರುದಿನ ಅಲ್ಲಿನ ವೈದ್ಯರು ಅಂಗಾಲಿನ ಬಾವನ್ನು ದಾಖಲಿಸಿದರು. ಪೊಲೀಸರು ಹೊಡೆದು ಕದ್ದೆನೆಂದು ಹೇಳಿಸಿದರು, ಚೀಲವಿದ್ದ ಜಾಗ ತೋರಿಸಿದ್ದು ತಾನಲ್ಲ, ಅವರೇ ಎಂಬುದು ವಿಚಾರಣೆಯಲ್ಲಿ ಅವನ ಮಾತು. ಬಂಧಿಸಿದಾಗ ಗಾಯವೇ ಇರಲಿಲ್ಲ, ಆಸ್ಪತ್ರೆಯ ಕಾಗದ ನೋಡಿ, ಎಂಬುದು ಸರ್ಕಾರಿ ವಕೀಲರ ಉತ್ತರ. ಆಸ್ಪತ್ರೆಯ ಕಾಗದದಲ್ಲಿ ಗಾಯದ ಮಾತೇ ಇಲ್ಲದ್ದರಿಂದ ಜೈಲಿನ ಕಾಗದದಲ್ಲಿದ್ದ ಬಾವು ಪೊಲೀಸರ ಕೈಯಲ್ಲಿ ಆದದ್ದೆಂದು ತೋರಿಸುವ ದಾರಿಯೇ ಇರಲಿಲ್ಲ.

ಆವತ್ತು ವೈದ್ಯರ ಕೋಣೆಯಲ್ಲಿದ್ದವನೆಂದು ಅವನ ವಕೀಲರು ನನ್ನನ್ನು ಸಾಕ್ಷಿಗೆ ಕರೆಸಿದರು. ಕಂಡದ್ದನ್ನು ಹೇಳಿದೆ. ಸರ್ಕಾರಿ ವಕೀಲರು ಒಂದು ಪತ್ರಿಕೆ ಬಿಡಿಸಿ ಓದಿದರು: "'ಆರೋಪಿಯ ಮೈಮೇಲೆ ಗಾಯಗಳಿಲ್ಲ ಎಂದು ವೈದ್ಯರು ದೃಢಪಡಿಸಿದ್ದಾರೆ.' ಇದು ನೀವೇ ಬರೆದದ್ದಲ್ವಾ?"

"ಹೌದು."

"ಆಗ ಕಾಣದ ಗಾಯ ಈಗ ಕಾಣ್ತಾ?"

ಆಗಲೂ ಕಂಡಿತ್ತು ಎಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಅವನಿಗೆ ಶಿಕ್ಷೆಯಾಯಿತು. ತೀರ್ಪಿನಲ್ಲಿ ನನ್ನ ಸಾಕ್ಷ್ಯ ನಂಬಲರ್ಹವಲ್ಲ ಎಂದಿತ್ತು. ನ್ಯಾಯಾಲಯದ ಮೆಟ್ಟಿಲ ಬಳಿ ಅವನ ಹೆಂಡತಿ ಕೇಳಿದಳು: "ಆವತ್ತೇ ಒಂದ್ ಮಾತು ಹೇಳಿದ್ರೆ ಡಾಕ್ಟ್ರು ಬರೀತಿದ್ರಲ್ರಾ?"

ಬರೆಯುತ್ತಿದ್ದರು. ಅವರು ಕೆಟ್ಟವರಲ್ಲ, ಗಡಿಬಿಡಿಯಲ್ಲಿದ್ದರು. ನನಗೆ ಬೇಕಾದಷ್ಟು ಬಿಡುವಿತ್ತು.