ಶ್ರಾವಣದ ಪಗಾರ

ನರಗುಂದದ ಸಾಲೆಯಿಂದ ಗಜೇಂದ್ರಗಡದ ಹೆಣ್ಣುಮಕ್ಕಳ ಸಾಲೆಗೆ ನನ್ನ ವರ್ಗವಾದದ್ದು ಆಗಸ್ಟ್ ಹತ್ತಕ್ಕೆ. ಈ ತಾರೀಖನ್ನು ಈಗ ನಿದ್ದೆಗಣ್ಣಲ್ಲೂ ಹೇಳುತ್ತೇನೆ. ಆಗ ಯಾರಾದರೂ ಕೇಳಿದ್ದರೆ "ಪಂಚಮಿ ಆದಮ್ಯಾಲೆ" ಎನ್ನುತ್ತಿದ್ದೆ.

ಎರಡು ತಿಂಗಳಾದರೂ ಪಗಾರ ಬರಲಿಲ್ಲ. ನಾನು ಗಂಡ ಸತ್ತವಳು, ನೇಕಾರರ ಮನೆಯ ಒಂದು ಖೋಲಿಯಲ್ಲಿ ಬಾಡಿಗೆಗಿದ್ದೆ. ಪುರ್ತಗೇರಿಯಿಂದ ಭಾವ, ಅಂದರೆ ಗಂಡನ ಅಣ್ಣ, ಬಂದು ಜಗಲಿಯ ಮೇಲೆ ಕೂತು ಹೇಳಿದರು, "ಸರಕಾರದ ನೌಕರಿ ಅಂತ ಕುಣದಿ. ಪಗಾರ ಎಲ್ಲೈತಿ? ದೀಪಾವಳಿ ಹಿಂದಿನ ದಿನ ಬಂಡಿ ತರ್ತೀನಿ. ಸಾಮಾನ ಕಟ್ಟಿಟ್ಟಿರು." ಅವರ ಮನೆಯಲ್ಲಿ ನನಗೆ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ಒಳಗೆ ಹೋದರೆ ಮತ್ತೆ ಸಾಲೆಯ ಮುಖ ನೋಡುವಂತಿರಲಿಲ್ಲ.

ಅಷ್ಟರಲ್ಲಿ ಮೂರು ಅರ್ಜಿ ಬರೆದಿದ್ದೆ. ಎಂಥ ಅರ್ಜಿ ಅಂತೀರಿ! ಅರ್ಧ ಹಾಳೆ ನಮಸ್ಕಾರ, ಉಳಿದರ್ಧ ಕಣ್ಣೀರು, ನಡುವೆ ಒಂದೇ ಸಾಲು: "ಶ್ರಾವಣದ ಪಗಾರ ಇನ್ನೂ ಸಿಕ್ಕಿರುವುದಿಲ್ಲ." ಮೂರಕ್ಕೂ ಉತ್ತರ ಒಂದೇ. "ಪಾವತಿಯಾಗಿದೆ."

ನನ್ನ ಪಿತ್ತ ನೆತ್ತಿಗೇರಿತು. ಅಕ್ಟೋಬರ್ ಮೊದಲ ವಾರ ರಜೆ ಹಾಕಿ, ಮೋಟಾರು ಹತ್ತಿ, ರೋಣದ ಶಿಕ್ಷಣ ಕಚೇರಿಗೆ ಹೋಗಿ ಪಗಾರದ ಕಾರಕೂನರ ಮೇಜಿನ ಮುಂದೆ ನಿಂತೆ. ನಶ್ಯ ಏರಿಸುತ್ತಿದ್ದ ಮುದುಕರು.

"ನನ್ನ ರೊಕ್ಕಾ ಯಾರ್ ತಿಂದ್ರಿ?" ಎಂದೆ.

ಇಡೀ ಕಚೇರಿ ನನ್ನತ್ತ ತಿರುಗಿತು. ಮುದುಕರು ಸಿಟ್ಟಾಗಲಿಲ್ಲ. "ಅಕ್ಕೋರ, ಶ್ರಾವಣದಾಗ ನಿಮಗ ಪಗಾರ ಮುಟ್ಟೇತಿ. ಆಗಸ್ಟ್ ಮೂರಕ್ಕ ನರಗುಂದದಾಗ ಸಹಿ ಮಾಡೀರಿ, ನಾನು ಅಲ್ಲಿಗೆ ಬರದು ಕೇಳೀನಿ."

"ಅದು ಜುಲೈದು!"

"ಹಂಗಂತ ನೀವು ಬರದಿಲ್ಲಲ್ರಿ. ನಮ್ಮ ಬಿಲ್ಲಿನಾಗ ಶ್ರಾವಣ ಇಲ್ಲ, ಒಂದನೇ ತಾರೀಖು ಮೂವತ್ತೊಂದನೇ ತಾರೀಖು ಅದಾವ. ಯಾವ ತಾರೀಖಿನಿಂದ ಬರಬೇಕು? ಎಷ್ಟು ಬರಬೇಕು? ನರಗುಂದದವರು ನಿಮ್ಮ ಕೊನೆಯ ಪಗಾರದ ಸರ್ಟಿಫಿಕೇಟು ಕಳಿಸ್ಯಾರೇನು? ಕಳಿಸಿದ್ರ ಅದರ ಜಾವಕ ನಂಬರ್ ಎಷ್ಟು?"

ಇದರಲ್ಲಿ ಒಂದನ್ನೂ ನಾನು ಬರೆದುಕೊಂಡಿರಲಿಲ್ಲ. ಮಕ್ಕಳಿಗೆ ಲೆಕ್ಕ ಕಲಿಸುವವಳು ನಾನು! ನಾಚಿಕೆಯಿಂದ ಕಿವಿ ಬಿಸಿಯಾದವು.

ಅವರು ದನಿ ತಗ್ಗಿಸಿದರು. "ಆ ಸರ್ಟಿಫಿಕೇಟು ಇಲ್ಲದ ನಿಮ್ಮ ಹೆಸರು ನಮ್ಮ ಬಿಲ್ಲಿಗೆ ಏರಂಗಿಲ್ಲ. ನಿಮ್ಮ ಫೈಲಿನಾಗ ಅದು ಇಲ್ಲ. ನಂಬರ್ ತರ್ರಿ, ಹುಡುಕೋಣ. ಬಿಲ್ಲು ಧಾರವಾಡಕ್ಕ ಹೋಗಿ ಬರಾಕ ಹದಿನೈದು ದಿನ ಬೇಕು. ಲಗೂ ಮಾಡ್ರಿ."

ದೀಪಾವಳಿಗೆ ಉಳಿದದ್ದು ಮೂರೇ ವಾರ. ಮನೆಗೆ ಹೋಗದೆ ಅಲ್ಲಿಂದಲೇ ನರಗುಂದದ ಮೋಟಾರು ಹಿಡಿದೆ. ಅಲ್ಲಿಯ ಕಚೇರಿಯಲ್ಲಿ ಹೊರಗೆ ಕಳಿಸಿದ ಕಾಗದಗಳನ್ನೆಲ್ಲ ಬರೆಯುವ ಜಾವಕ ಪುಸ್ತಕ ತೆಗೆಸಿ, ಬೆರಳಿಟ್ಟು ಸಾಲುಸಾಲಾಗಿ ನೋಡಿದೆ. ಸಿಕ್ಕಿತು. ಜಾವಕ ನಂಬರು ನಾನೂರಾ ಹನ್ನೆರಡು, ಆಗಸ್ಟ್ ಹದಿನಾಲ್ಕು. ಜುಲೈ ಮೂವತ್ತೊಂದರವರೆಗೆ ಪಾವತಿ ಎಂದು ಷರಾ ಇತ್ತು.

ಮರುದಿನ ರೋಣದಲ್ಲಿ ನಾಲ್ಕನೆಯ ಅರ್ಜಿ ಕೊಟ್ಟೆ. ನಮಸ್ಕಾರ ಒಂದೇ, ಕಣ್ಣೀರು ಇಲ್ಲ. ಆಗಸ್ಟ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ. ತಿಂಗಳಿಗೆ ಪಗಾರ ಐವತ್ತು, ತುಟ್ಟಿಭತ್ತೆ ಇಪ್ಪತ್ತು, ಭವಿಷ್ಯನಿಧಿಗೆ ಕಡಿತ ನಾಲ್ಕು. ಎರಡು ತಿಂಗಳಿಗೆ ಕೈಗೆ ಬರಬೇಕಾದದ್ದು ನೂರಾ ಮೂವತ್ತೆರಡು ರೂಪಾಯಿ. ಕೆಳಗೆ ಜಾವಕ ನಂಬರು, ತಾರೀಖು.

ಮುದುಕರು ಒಳಗೆ ಬಂದ ಕಾಗದಗಳನ್ನು ಬರೆಯುವ ತಮ್ಮ ಆವಕ ಪುಸ್ತಕ ತೆರೆದು, ಆಗಸ್ಟ್ ಹದಿನಾಲ್ಕರಿಂದ ಕೆಳಗೆ ಬೆರಳಾಡಿಸಿದರು. ಹದಿನೇಳನೆಯ ತಾರೀಖಿಗೆ ಬೆರಳು ನಿಂತಿತು; ನಾನೂರಾ ಹನ್ನೆರಡರ ಎದುರು ಸವಡಿ ಊರಿನ ಸಾಲೆಯ ಹೆಸರು ಬರೆದಿತ್ತು. ಎದ್ದು ಹೋಗಿ ಆ ಸಾಲೆಯ ಫೈಲುಗಳ ಕಟ್ಟು ಬಿಚ್ಚಿದರು. ಅಲ್ಲಿ ನನ್ನದೇ ಹೆಸರಿನ ಇನ್ನೊಬ್ಬ ಶಿಕ್ಷಕಿಯಿದ್ದಳು. ಆಕೆಯ ಫೈಲಿನಲ್ಲಿ ನನ್ನ ಸರ್ಟಿಫಿಕೇಟು ತಣ್ಣಗೆ ಮಲಗಿತ್ತು.

"ತಪ್ಪು ನಮ್ಮದೂ ಐತ್ರಿ," ಎಂದರು. "ಆದ್ರ ಹೆಸರು ಹಿಡಿದು ಹುಡುಕಿದ್ರ ಇದು ಮುಂದಿನ ಶ್ರಾವಣಕ್ಕೂ ಸಿಗ್ತಿದ್ದಿಲ್ಲ."

ಅಳು ಬಂತು. ಅಲ್ಲೇ, ಎಲ್ಲರ ಮುಂದೆ ಅತ್ತೆ.

ಬಿಲ್ಲು ಧಾರವಾಡಕ್ಕೆ ಹೋಯಿತು. ದಿನ ಎಣಿಸಿದೆ. ಹದಿನೈದಾಯಿತು, ಹದಿನಾರಾಯಿತು, ಬರಲಿಲ್ಲ. ಹಾಸಿಗೆ ಸುತ್ತಿಟ್ಟೆ, ಪಾತ್ರೆ ಕಟ್ಟಿದೆ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬಾಗಿಲಿಗೆ ಭಾವನ ಬಂಡಿ ಬಂದು ನಿಂತಿತು. ಸಾಲೆಯ ಸಿಪಾಯಿ ಓಡಿಬಂದದ್ದೂ ಆಗಲೇ. "ಅಕ್ಕೋರ, ಪಗಾರ ಬಂದೈತಂತ್ರಿ!"

ಭಾವನನ್ನು ಜಗಲಿಯ ಮೇಲೆ ಕೂಡ್ರಿಸಿ ಹೋದೆ. ಒಂದಾಣೆಯ ಸ್ಟಾಂಪಿನ ಮೇಲೆ ಸಹಿ ಮಾಡಿ, ಎರಡು ಸಲ ಎಣಿಸಿಕೊಂಡು ತಿರುಗಿ ಬಂದೆ. ಭಾವ ಕಟ್ಟಿದ ಗಂಟುಗಳನ್ನು ನೋಡುತ್ತ ಕೂತಿದ್ದರು.

"ಎಷ್ಟರ ಬಂತೇನು?"

"ನೂರಾ ಮೂವತ್ತೆರಡ್ರಿ."

"ಹಂಗಾರ ಮನೀಕಡೆ ಬರೂದು ಯಾವಾಗ?" ಎಂದರು. ಮೊದಲಾಗಿದ್ದರೆ "ನೋಡೋಣ್ರಿ" ಎನ್ನುತ್ತಿದ್ದೆ.

"ಹಬ್ಬಕ್ಕ ಈಗ ನಿಮ್ಮ ಕೂಡನ ಬರ್ತೀನ್ರಿ," ಎಂದೆ. "ಇಪ್ಪತ್ತೊಂಬತ್ತನೇ ತಾರೀಖು ಮುಂಜಾನಿ ಏಳಕ್ಕ ಬಂಡಿ ಕಟ್ಟಿಸಿ ಕೊಡ್ರಿ. ಹತ್ತೂವರಿಗೆ ನನಗ ಸಾಲಿ ಐತಿ."

ಹಾಸಿಗೆ ಬಿಚ್ಚಿ ಹಾಸಿ, ಖೋಲಿಗೆ ಕೀಲಿ ಹಾಕಿ, ಬಂಡಿ ಹತ್ತಿದೆ.