ಸಿಂಬಳ ಒರೆಸಿದ ಫೋಟೊ

ಮೊಬೈಲಿನ ಚಿತ್ರವನ್ನು ದೊಡ್ಡದು ಮಾಡಿದರೆ ಮುಖ ಒಡೆದು ಚುಕ್ಕಿ ಚುಕ್ಕಿಯಾಗಬಹುದಿತ್ತು. ಸಿಂಬಳ ತೆಗೆಯಲು ಹೋಗಿ ಮೂಗಿನ ಕೆಳಗಿನ ಹಳ್ಳವೇ ಮಾಯವಾಗಬಹುದಿತ್ತು. ಚಳಿಗೆ ಕೆಂಪಾದ ಕೆನ್ನೆ ತಿದ್ದಲು ಹೋಗಿ ಮಗು ಬೂದಿ ಬಡಿದಂತೆ ಕಾಣಬಹುದಿತ್ತು. ಕರೆಂಟು ಹೋಗಬಹುದಿತ್ತು, ಕಂಪ್ಯೂಟರ್ ಕೆಡಬಹುದಿತ್ತು, ನಾನೇ ಹೋಗಿಬಿಡಬಹುದಿತ್ತು. ಐವತ್ತು ದಾಟಿದ ಮೇಲೆ ನನ್ನ ಚಿಂತೆಯ ಪಟ್ಟಿಯಲ್ಲಿ ಈ ಕೊನೆಯದು ಕಾಯಂ.

ಈ ಮರಾಠಿ ಊರಿನ ಶಿವಾಜಿನಗರದಲ್ಲಿರುವ ನನ್ನ ಸ್ಟುಡಿಯೊಕ್ಕೆ ಆಕೆ ಬಂದದ್ದು ವಾಕಡದ ಕಟ್ಟಡದ ಕೆಲಸದಿಂದ ನೇರವಾಗಿ, ಸೆರಗಿನಲ್ಲಿ ಸಿಮೆಂಟು. ಯಾದಗಿರಿ ಕಡೆಯವಳು. ಎರಡು ವರ್ಷದ ಮಗನನ್ನು ಊರಲ್ಲಿ ತನ್ನ ತಾಯಿಯ ಹತ್ತಿರ ಬಿಟ್ಟು ಕೆಲಸಕ್ಕೆ ಒಬ್ಬಳೇ ಮರಳುವವಳಿದ್ದಳು. ತಾನಿರುವ ಶೆಡ್ಡಿನ ತಗಡಿಗೆ ತೂಗುಹಾಕಲು, ಮೊಬೈಲಿನಲ್ಲಿದ್ದ ಅವನ ಫೋಟೊ ದೊಡ್ಡದಾಗಿ ಬೇಕಿತ್ತು.

"ಅಣ್ಣಾರ, ಸುಂಬಳ ಅಷ್ಟ ಒರಸ್ರಿ. ಬಾಯಿಗಿ ಬಿಸ್ಕೀಟ ಹತ್ತ್ಯದ, ಅದನ್ನೂ ತಗೀರಿ. ಉಳದದ್ದು ನನ್ನ ಮಗನ್ಹಂಗ ಇರ್ಲಿ."

"ಕೆಂಪ ಗಲ್ಲ?"

"ಥಂಡ್ಯಾಗ ಹಂಗ ಆಗ್ತಾವಲ್ರೀ. ಇರ್ಲಿ ಬಿಡ್ರಿ."

ಎರಡು ತಾಸು ಕೂತೆ. ಮೂಲ ಚಿತ್ರ ಮುಟ್ಟದೆ ಅದರ ಮೇಲೊಂದು ಪದರ ಹಾಕಿ, ಪಕ್ಕದ ಚರ್ಮವನ್ನೇ ಚೂರು ಚೂರು ತಂದು ಸಿಂಬಳದ ಮೇಲೆ, ಬಾಯಿ ಸುತ್ತಲಿನ ಬಿಸ್ಕಿಟ್ಟಿನ ಪುಡಿಯ ಮೇಲೆ ಕೂರಿಸಿದೆ. ಮೂಗಿನ ನೆರಳು ಉಳಿಸಿದೆ. ಕೆನ್ನೆಯ ಕೆಂಪನ್ನು ಒಂದಿಷ್ಟೇ ತಗ್ಗಿಸಿ, ಒಡೆದ ಚರ್ಮವನ್ನು ಹಾಗೇ ಬಿಟ್ಟೆ.

ಪ್ರಿಂಟಿಗೆ ಲ್ಯಾಬಿಗೆ ಕಳಿಸಿದರೆ ಬಂದದ್ದು ಯಾರದೋ ಮಗು! ಮೈದಾ ಮೆತ್ತಿದಂಥ ಮುಖ, ಗೊಂಬೆಯ ಕೆನ್ನೆ. ಯಂತ್ರವೇ ತಾನಾಗಿ ಮುಖ ತಿದ್ದಲಿ ಎಂದು ಲ್ಯಾಬಿನವನು ಬಿಟ್ಟಿದ್ದ. ನಾನು ಪ್ರಿಂಟು ಹಿಡಿದು ಓಡಿದರೆ ಅವನಿಗೆ ಹೆಮ್ಮೆ ಬೇರೆ.

"ಕಾಕಾ, ಕಿತೀ ಗೋರಾ ದಿಸತೋಯ!"

ಎಷ್ಟು ಬೆಳ್ಳಗೆ ಕಾಣುತ್ತಾನಂತೆ! ಬಿಳುಪನ್ನು ಕೇಳಿದವರು ಯಾರು? ಹೆತ್ತವಳು ಕೇಳಿದಳೇ? ಬಿಸಿಲಲ್ಲಿ ಇಟ್ಟಂಗಿ ಹೊರುವವಳ ಮಗ ಹಾಲಿನ ಪುಡಿಯ ಡಬ್ಬಿಯ ಮೇಲಿನ ಕೂಸಿನಂತೆ ಯಾಕಿರಬೇಕು? ಒಬ್ಬರ ಮಗುವಿನ ಮುಖ ಬದಲಿಸಲು ನೀನ್ಯಾವ ದೊಡ್ಡ ಮನುಷ್ಯ ಎಂದು ಮರಾಠಿಯಲ್ಲಿ ಕೂಗಾಡಿದೆ. ಸಿಟ್ಟಿನ ಭರಕ್ಕೆ ಅರ್ಧ ಕನ್ನಡವೇ ಬಂತು. ಯಂತ್ರದ ತಿದ್ದುಪಡಿ ಬಂದ್ ಮಾಡಿಸಿ, ಎದುರಿಗೇ ನಿಂತು ಇನ್ನೊಂದು ಪ್ರಿಂಟು ತೆಗೆಸಿದೆ. ಬರುವಾಗ, ಈ ಊರಿನಲ್ಲಿ ಮುಖವನ್ನು ಮುಖವಾಗಿ ನೋಡುವವನು ನಾನೊಬ್ಬನೇ ಎಂಬ ಬಿಗುಮಾನ.

ಸಂಜೆ ಸ್ವಾರಗೇಟ ನಿಲ್ದಾಣದಿಂದ ಊರಿನ ಬಸ್ಸಿಗೆ ಹೊರಟವಳು ಮಗನನ್ನು ಬಗಲಲ್ಲಿ ಎತ್ತಿಕೊಂಡೇ ಬಂದಳು. ಫೋಟೊ ಹಿಡಿದು ಬಹಳ ಹೊತ್ತು ನೋಡಿದಳು.

"ಭಾಳ ಚಲೋ ಆಗ್ಯದ್ರಿ. ಖರೇ ನನ್ನ ಮಗಾನೇ." ಆಮೇಲೆ ತಡೆದು, "ಆದ್ರ ಇವನ ಮಚ್ಚಿ ಎಲ್ಲಿ ಹೋತ್ರೀ ಅಣ್ಣಾರ?" ಎಂದಳು.

"ಯಾವ ಮಚ್ಚಿ?"

ಅವಳು ಮಗನ ಗದ್ದ ಹಿಡಿದು ನನ್ನತ್ತ ತಿರುಗಿಸಿದಳು. ಪ್ರಯಾಣಕ್ಕೆಂದು ಚೆನ್ನಾಗಿ ತೊಳೆದ ಮುಖ. ಕೆಳತುಟಿಯ ಕೆಳಗೆ ಸಾಸಿವೆ ಕಾಳಿನಷ್ಟು ಕಂದು ಮಚ್ಚೆ. ಬಿಸ್ಕಿಟ್ಟಿನ ಪುಡಿಯೆಂದು ಅದನ್ನು ನಾನೇ ಒರೆಸಿದ್ದೆ.